ಕಡಲು ದಾಟಿದ ಗೊರಿಲ್ಲಾ: ಒಂದು ಯುದ್ಧ ಪೋಸ್ಟರಿನ ಪ್ರಕರಣ ಅಧ್ಯಯನ

ಮೊದಲನೆಯ ಮಹಾಯುದ್ಧದ ಪೋಸ್ಟರುಗಳಲ್ಲಿ ಇದರಷ್ಟು ಒರಟಾದದ್ದು ಸಿಗುವುದು ಕಷ್ಟ. ಸ್ಯಾನ್ ಫ್ರಾನ್ಸಿಸ್ಕೋದ ಚಿತ್ರಕಾರ ಹ್ಯಾರಿ ಹಾಪ್ಸ್ ಅಮೆರಿಕದ ಸೇನಾ ಭರ್ತಿಗಾಗಿ 1917ರ ಆಸುಪಾಸಿನಲ್ಲಿ ಇದನ್ನು ರಚಿಸಿದ. ಸುಮಾರು ಒಂದು ಮೀಟರ್ ಎತ್ತರದ ಬಣ್ಣದ ಹಾಳೆ. ನಡುವೆ ಹಲ್ಲು ಕಿರಿದು ಜೊಲ್ಲು ಸುರಿಸುತ್ತ ನಮ್ಮತ್ತಲೇ ಬರುತ್ತಿರುವ ದೈತ್ಯ ಗೊರಿಲ್ಲಾ. ಅದರ ತಲೆಯ ಮೇಲೆ ಮೊನೆಯುಳ್ಳ ಜರ್ಮನ್ ಶಿರಸ್ತ್ರಾಣ, ಅದರ ಮೇಲೆ ‘ಮಿಲಿಟರಿಸಂ’ ಎಂಬ ಬರಹ. ಮೂತಿಯ ಮೇಲೆ ತುದಿ ಮೇಲಕ್ಕೆ ತಿರುವಿದ ಮೀಸೆ. ಒಂದು ಕೈಯಲ್ಲಿ ರಕ್ತ ಹತ್ತಿದ ದೊಣ್ಣೆ, ಅದರ ಮೇಲೆ ಸಂಸ್ಕೃತಿ ಎಂಬ ಅರ್ಥದ ‘ಕುಲ್ಟೂರ್’ ಎಂಬ ಜರ್ಮನ್ ಪದ. ಇನ್ನೊಂದು ತೋಳಿನಲ್ಲಿ ಅರೆಬೆತ್ತಲೆಯಾದ ಬಿಳಿಯ ಹೆಣ್ಣು, ಮುಖ ಮುಚ್ಚಿಕೊಂಡಿದ್ದಾಳೆ. ಹಿಂದೆ ನೀರು, ನೀರಿನಾಚೆ ಹಾಳುಬಿದ್ದ ಊರು. ಗೊರಿಲ್ಲಾ ಕಾಲಿಟ್ಟ ದಡದ ಮೇಲೆ ‘ಅಮೆರಿಕ’ ಎಂದು ಬರೆದಿದೆ. ಅಕ್ಷರಗಳಲ್ಲಿ ಎರಡೇ ಆಜ್ಞೆ: ‘ಈ ಹುಚ್ಚು ಮೃಗವನ್ನು ನಾಶಮಾಡಿ’, ‘ಸೇನೆಗೆ ಸೇರಿ’.

ಈ ವಿವರಣೆಯಲ್ಲಿ ವ್ಯಾಖ್ಯಾನ ಇನ್ನೂ ಶುರುವಾಗಿಲ್ಲ. ಕಂಡದ್ದನ್ನು ಮೊದಲು ಹಾಗೆಯೇ ಬರೆದಿಡುವುದಕ್ಕೆ ಕಾರಣವಿದೆ. ಈ ಚಿತ್ರವನ್ನು ಇಂದು ನೋಡುವವರಲ್ಲಿ ಬಹುಮಂದಿ ಒಡನೆಯೇ ‘ಕಿಂಗ್ ಕಾಂಗ್’ ಎನ್ನುತ್ತಾರೆ. ಆ ಸಿನಿಮಾ ಬಂದದ್ದು 1933ರಲ್ಲಿ. 1917ರ ನೋಡುಗನ ತಲೆಯಲ್ಲಿ ಅದು ಇರಲು ಸಾಧ್ಯವೇ ಇಲ್ಲ. ಅವನ ಕಾಲಕ್ಕೆ ಮೊದಲೇ ಇದ್ದದ್ದು ಬೇರೆ: ಫ್ರೆಂಚ್ ಶಿಲ್ಪಿ ಎಮಾನ್ಯುಯೆಲ್ ಫ್ರೆಮಿಯೆ 1887ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶಿಸಿದ, ಹೆಣ್ಣನ್ನು ಹೊತ್ತೊಯ್ಯುವ ಗೊರಿಲ್ಲಾದ ಶಿಲ್ಪ. ಹಾಪ್ಸ್ ಅದನ್ನು ನೋಡಿಯೇ ಬರೆದ ಎನ್ನಲು ಆಧಾರ ಬೇಡವೇ? ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಈ ಭಂಗಿ ಪೋಸ್ಟರಿಗೆ ಮೂವತ್ತು ವರ್ಷ ಮೊದಲೇ ಚಲಾವಣೆಯಲ್ಲಿತ್ತು ಎಂಬುದಷ್ಟೇ ನಮಗೆ ಸಾಕು. ಪ್ರಚಾರ ಚಿತ್ರಕಾರ ಹೊಸ ಸಂಕೇತಗಳನ್ನು ಹುಟ್ಟಿಸುವುದು ಅಪರೂಪ. ದಾರಿಹೋಕ ಎರಡು ಕ್ಷಣ ಮಾತ್ರ ನೋಡುವ ಗೋಡೆಯ ಮೇಲೆ, ಅವನಿಗೆ ಈಗಾಗಲೇ ಗೊತ್ತಿರುವ ಆಕೃತಿಗಳೇ ಕೆಲಸಕ್ಕೆ ಬರುವುದು.

ಆ ಹೊತ್ತಿನ ಅಮೆರಿಕ

ಅಮೆರಿಕ ಯುದ್ಧಕ್ಕೆ ಇಳಿದದ್ದು 1917ರ ಏಪ್ರಿಲ್ 6ರಂದು. ಅದಕ್ಕೆ ಮೊದಲು ಎರಡೂವರೆ ವರ್ಷ ಅದು ತಟಸ್ಥವಾಗಿತ್ತು. ಯುದ್ಧದಿಂದ ದೇಶವನ್ನು ದೂರವಿಟ್ಟವರು ಎಂಬ ಹೆಸರಿನ ಮೇಲೆಯೇ ಅಧ್ಯಕ್ಷ ವುಡ್ರೋ ವಿಲ್ಸನ್ 1916ರಲ್ಲಿ ಮರು ಆಯ್ಕೆಯಾಗಿದ್ದರು. ದೇಶದಲ್ಲಿ ಜರ್ಮನಿಯಲ್ಲಿ ಹುಟ್ಟಿ ವಲಸೆ ಬಂದವರೇ 20 ಲಕ್ಷಕ್ಕೂ ಹೆಚ್ಚು. ಅವರ ಮಕ್ಕಳು, ಮೊಮ್ಮಕ್ಕಳು ಬೇರೆ. ಹಾಗಾಗಿ ಯುದ್ಧ ಘೋಷಿಸುವಂತೆ ಸಂಸತ್ತನ್ನು ಕೇಳುವಾಗ ವಿಲ್ಸನ್ ಒಂದು ಗೆರೆ ಎಳೆದರು: ಜರ್ಮನ್ ಜನರೊಂದಿಗೆ ನಮಗೆ ಜಗಳವಿಲ್ಲ, ಜಗಳ ಅವರ ಸರ್ಕಾರದೊಂದಿಗೆ.

ಈ ಗೆರೆಯನ್ನು ನೆನಪಿಟ್ಟುಕೊಂಡು ಪೋಸ್ಟರಿನತ್ತ ಮರಳಿದರೆ ಶಿರಸ್ತ್ರಾಣದ ಬರಹ ಬೇರೆಯಾಗಿಯೇ ಕಾಣುತ್ತದೆ. ‘ಮಿಲಿಟರಿಸಂ’ ಎಂದರೆ ಸೇನಾಬಲಕ್ಕೇ ಮೊದಲ ಸ್ಥಾನ ಕೊಡುವ ಒಂದು ವ್ಯವಸ್ಥೆ. ಮೀಸೆ ಕೈಸರ್ ಎರಡನೆಯ ವಿಲ್ಹೆಲ್ಮನದು, ಎಂದರೆ ಒಬ್ಬ ದೊರೆಯದು. ಇಲ್ಲಿಯವರೆಗೆ ಚಿತ್ರ ವಿಲ್ಸನ್ನರ ಮಾತನ್ನು ಮೀರಿಲ್ಲ. ಆದರೆ ‘ಕುಲ್ಟೂರ್’? ಅದು ಸರ್ಕಾರದ ಹೆಸರಲ್ಲ. 1914ರ ಅಕ್ಟೋಬರಿನಲ್ಲಿ 93 ಜರ್ಮನ್ ವಿದ್ವಾಂಸರು, ಕಲಾವಿದರು ತಮ್ಮ ಸೇನೆಯನ್ನು ಸಮರ್ಥಿಸಿ ‘ನಾಗರಿಕ ಜಗತ್ತಿಗೆ’ ಒಂದು ಮನವಿ ಹೊರಡಿಸಿದ್ದರು. ಅದೇ ವರ್ಷದ ಆಗಸ್ಟ್‌ನಲ್ಲಿ ಅದೇ ಸೇನೆ ಬೆಲ್ಜಿಯಂನ ಲೂವೆನ್ ನಗರದ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಸುಟ್ಟುಹಾಕಿತ್ತು. ಅಂದಿನಿಂದ ಜರ್ಮನ್ ಸಂಸ್ಕೃತಿ ಎಂಬ ಹೆಮ್ಮೆಯ ಮಾತು ಮಿತ್ರರಾಷ್ಟ್ರಗಳ ವ್ಯಂಗ್ಯಚಿತ್ರಗಳಲ್ಲಿ ಗೇಲಿಯ ಸಾಮಗ್ರಿಯಾಯಿತು. ಅದನ್ನು ದೊಣ್ಣೆಯ ಮೇಲೆ ಬರೆದಾಗ ಆರೋಪಿಯ ಸ್ಥಾನದಲ್ಲಿ ನಿಲ್ಲುವುದು ಸರ್ಕಾರವಲ್ಲ, ಒಂದು ಜನಾಂಗ ತಾನು ತಾನೆಂದು ಹೇಳಿಕೊಳ್ಳುವ ಎಲ್ಲವೂ. ಅಧ್ಯಕ್ಷರು ಭಾಷಣದಲ್ಲಿ ಬಿಟ್ಟುಬಿಟ್ಟದ್ದನ್ನು ಗೋಡೆಯ ಚಿತ್ರ ಸದ್ದಿಲ್ಲದೆ ಒಳಗೆ ಸೇರಿಸಿಕೊಂಡಿತು.

ಶಿರಸ್ತ್ರಾಣದ ಬಗ್ಗೆ ಇನ್ನೊಂದು ಮಾತು. ಆ ಮೊನೆಯುಳ್ಳ ಚರ್ಮದ ಟೋಪಿ ಯುದ್ಧರಂಗದಲ್ಲಿ ಕೆಲಸಕ್ಕೆ ಬಾರದು ಎಂದು ಜರ್ಮನ್ ಸೇನೆಯೇ 1916ರಿಂದ ಅದನ್ನು ಕೈಬಿಟ್ಟು ಉಕ್ಕಿನ ಶಿರಸ್ತ್ರಾಣಕ್ಕೆ ಬದಲಾಗಿತ್ತು. ಪೋಸ್ಟರ್ ಮಾತ್ರ ಹಳೆಯ ಟೋಪಿಯನ್ನು ಬಿಡಲಿಲ್ಲ. ಇದನ್ನು ಚಿತ್ರಕಾರನ ಅಜ್ಞಾನ ಎಂದು ಬರೆಯುವವರಿದ್ದಾರೆ, ನನಗೆ ಹಾಗೆನ್ನಿಸುವುದಿಲ್ಲ. ಅಮೆರಿಕದ ಊರುಗಳಲ್ಲಿ ನಿಂತು ನೋಡುವವನಿಗೆ ಶತ್ರುವನ್ನು ಒಂದೇ ನೋಟದಲ್ಲಿ ಗುರುತು ಹಿಡಿಸಬೇಕು, ಸಮವಸ್ತ್ರದ ಇತಿಹಾಸ ಕಲಿಸಬೇಕಾಗಿಲ್ಲ. ಪೋಸ್ಟರಿನಲ್ಲಿ ವಾಸ್ತವಕ್ಕಿಂತ ಹಿಂದುಳಿದ ವಿವರ ಕಂಡರೆ, ಅದು ಯಾರಿಗಾಗಿ ಬರೆದದ್ದು ಎಂಬುದಕ್ಕೆ ಅದೇ ಸುಳಿವು. ಕಂದಕದಲ್ಲಿದ್ದ ಸೈನಿಕನಿಗಾಗಿ ಬರೆದಿದ್ದರೆ ಅವನು ನಗುತ್ತಿದ್ದ.

ನೋಡುಗ ಯಾರು?

ಉದ್ದೇಶಿತ ನೋಡುಗನನ್ನು ಪತ್ತೆ ಮಾಡಲು ಒಂದು ಸುಲಭ ಪರೀಕ್ಷೆಯಿದೆ: ಚಿತ್ರವನ್ನು ತಪ್ಪು ಜನರ ಮುಂದೆ ಹಿಡಿಯುವುದು. ಅಕ್ಷರಗಳನ್ನು ಮುಚ್ಚಿ, ಈ ಪೋಸ್ಟರನ್ನು ರಾಮಾಯಣ ಕೇಳಿ ಬೆಳೆದವರಿಗೆ ತೋರಿಸಿದರೆ ಏನಾಗುತ್ತದೆ? ಕೈಯಲ್ಲಿ ಗದೆ, ಹಿಂದೆ ಕಡಲು, ಕಡಲಾಚೆ ಹಾಳಾದ ಪಟ್ಟಣ. ಹೆಣ್ಣನ್ನು ಹೊತ್ತದ್ದನ್ನು ಬಿಟ್ಟರೆ ಉಳಿದ ಗುರುತುಗಳೆಲ್ಲ ಹನುಮಂತನವು. ಲಂಕೆಯನ್ನು ಸುಟ್ಟು ಮರಳುವ ವೀರ! ಹೆಣ್ಣಿನ ಕಡೆ ಕಣ್ಣು ಹೋದಾಗ ಮಾತ್ರ ರಾವಣ ನೆನಪಾಗಿ ಗೊಂದಲ ಶುರುವಾಗುತ್ತದೆ. ವಾನರ ಎಂದರೆ ಪಶುತ್ವ, ದೊಣ್ಣೆ ಎಂದರೆ ಅನಾಗರಿಕತೆ ಎಂಬ ಸಮೀಕರಣ ಚಿತ್ರದಲ್ಲಿ ಇಲ್ಲ, ನೋಡುಗನ ತಲೆಯಲ್ಲಿದೆ. ಹಾಪ್ಸ್ ಆ ತಲೆಯನ್ನು ನಂಬಿಕೊಂಡು ಬರೆದ.

ಆ ತಲೆ ಯಾರದು ಎಂದು ಇನ್ನೂ ಹತ್ತಿರ ಹೋಗಿ ಕೇಳಿದರೆ ಉತ್ತರ ಅಷ್ಟು ಹಿತವಾಗಿಲ್ಲ. ಕಪ್ಪು ಮೈಯ ವಾನರ ಬಿಳಿಯ ಹೆಣ್ಣನ್ನು ಹೊತ್ತೊಯ್ಯುವ ಚಿತ್ರ ಅಂದಿನ ಅಮೆರಿಕದಲ್ಲಿ ಜರ್ಮನರ ಕುರಿತು ಹುಟ್ಟಿದ್ದಲ್ಲ. ಕಪ್ಪು ಜನರನ್ನು ವಾನರರಿಗೆ ಹೋಲಿಸುವ ವ್ಯಂಗ್ಯಚಿತ್ರಗಳು, ಕಪ್ಪು ಗಂಡಸು ಬಿಳಿಯ ಹೆಣ್ಣಿಗೆ ಅಪಾಯ ಎಂಬ ಕಥೆ, ಆ ಕಥೆಯ ನೆಪದಲ್ಲಿ ಗುಂಪು ಸೇರಿ ಕೊಲ್ಲುವುದು, ಇವೆಲ್ಲ ಅಲ್ಲಿ ದಿನನಿತ್ಯದ ಸಂಗತಿಗಳಾಗಿದ್ದವು. ಪೋಸ್ಟರ್ ಅಲ್ಲಿಂದ ಭಯವನ್ನು ಎರವಲು ತಂದು ಅದರ ತಲೆಗೆ ಜರ್ಮನ್ ಟೋಪಿ ಹಾಕಿತು. ಅದೇ ಯುದ್ಧದಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಕಪ್ಪು ಅಮೆರಿಕನ್ನರು ಸೇನೆಯಲ್ಲಿ ಸೇವೆ ಸಲ್ಲಿಸಿದರು. ‘ಸೇನೆಗೆ ಸೇರಿ’ ಎಂಬ ಕರೆ ಅವರ ಕಿವಿಗೂ ಬೀಳುತ್ತಿತ್ತು. ಚಿತ್ರ ಮಾತ್ರ ಅವರನ್ನು ಉದ್ದೇಶಿಸಿರಲಿಲ್ಲ. ಯಾರನ್ನು ಕರೆಯುತ್ತದೆ ಎನ್ನುವುದರಷ್ಟೇ, ಯಾರನ್ನು ಎದುರಿಗಿದ್ದರೂ ಕಾಣದಂತೆ ವರ್ತಿಸುತ್ತದೆ ಎಂಬುದೂ ನೋಡುಗನ ಗುರುತಿನ ಭಾಗ.

ಹಾಗಾದರೆ ಉಳಿದವನು ಸೇನೆಗೆ ಸೇರುವ ವಯಸ್ಸಿನ ಬಿಳಿಯ ಯುವಕ. ಯುರೋಪಿನ ಜಗಳ ತನ್ನದಲ್ಲ ಎಂದುಕೊಂಡವನು. 1917ರ ಮೇ ತಿಂಗಳಿನಲ್ಲಿ ಕಡ್ಡಾಯ ಭರ್ತಿಯ ಕಾಯಿದೆ ಬಂದಿತ್ತು ನಿಜ, ಆದರೆ ಸ್ವಇಚ್ಛೆಯಿಂದ ಸೇರುವ ದಾರಿಯೂ ಜೊತೆಗೇ ತೆರೆದಿತ್ತು. ಅವನ ಮುಂದಿದ್ದ ದೊಡ್ಡ ಅಡ್ಡಿ ದ್ವೇಷದ ಕೊರತೆಯಲ್ಲ, ದೂರ. ಮೂರು ಸಾವಿರ ಮೈಲು ಅಟ್ಲಾಂಟಿಕ್ ಸಾಗರ ದಾಟಿ ಬರುವ ಶತ್ರುವನ್ನು ನಂಬುವುದು ಹೇಗೆ? ಪೋಸ್ಟರಿನಲ್ಲಿರುವ ನೀರು ಈ ಪ್ರಶ್ನೆಗೆ ಉತ್ತರ. ಗಮನಿಸಿ, ಅದು ಸಾಗರದಂತೆ ಕಾಣುವುದೇ ಇಲ್ಲ. ಒಂದು ಹೆಜ್ಜೆಗೆ ದಾಟಬಹುದಾದ ಹೊಳೆಯಷ್ಟು ಅಗಲ.

ಭಾವನೆಗಳ ಸರಣಿ

ಪ್ರಚಾರ ಚಿತ್ರಗಳ ಕುರಿತು ಬರೆಯುವಾಗ ‘ಇದು ಭಯ ಹುಟ್ಟಿಸುತ್ತದೆ’ ಎಂದು ಬರೆದು ಮುಗಿಸುವುದು ರೂಢಿ. ಭಯ ಒಂದೇ ಇದ್ದಿದ್ದರೆ ನೋಡುಗ ಬಾಗಿಲು ಹಾಕಿಕೊಂಡು ಮನೆಯೊಳಗೆ ಕೂರುತ್ತಿದ್ದ. ಭರ್ತಿ ಕಚೇರಿಗೆ ನಡೆಯಲು ಅದರ ಮೇಲೆ ಇನ್ನೂ ಏನೋ ಬೇಕು. ಅದೇನು ಎಂದು ತಿಳಿಯಲು ಚಿತ್ರದಿಂದ ಒಂದೊಂದೇ ಅಂಶವನ್ನು ಮನಸ್ಸಿನಲ್ಲೇ ತೆಗೆದು ನೋಡಬೇಕು.

ಹೆಣ್ಣನ್ನು ತೆಗೆಯಿರಿ. ಗೊರಿಲ್ಲಾ ಆಗಲೂ ಭಯಂಕರವೇ. ಆದರೆ ಅದು ನೋಡುಗನನ್ನೇ ಬೆದರಿಸುವ ಪ್ರಾಣಿಯಾಗುತ್ತದೆ, ಅವನಿಗೆ ಹೆದರಲು ಪೂರ್ತಿ ಹಕ್ಕು ಬರುತ್ತದೆ. ಹೆಣ್ಣು ಇರುವಾಗ ಆ ಹಕ್ಕು ಹೋಗುತ್ತದೆ. ಅವಳು ಮುಖ ಮುಚ್ಚಿಕೊಂಡಿರುವುದರಿಂದ ಅವಳಿಗೆ ಹೆಸರಿಲ್ಲ, ಗುರುತಿಲ್ಲ. ಜರ್ಮನ್ ದಾಳಿಗೆ ಒಳಗಾದ ಬೆಲ್ಜಿಯಂ ಎನ್ನಬಹುದು, ಸ್ವಾತಂತ್ರ್ಯದೇವಿ ಎನ್ನಬಹುದು, ನೋಡುಗನ ಅಕ್ಕ ತಂಗಿ ಎಂದೂ ಎನ್ನಬಹುದು. ನೋಡುಗ ಯಾರನ್ನು ತುಂಬಿಕೊಂಡರೂ ಹುಟ್ಟುವ ಭಾವ ಒಂದೇ: ನೋಡಿಯೂ ಸುಮ್ಮನಿದ್ದರೆ ನಾನು ಗಂಡಸೇ ಎಂಬ ನಾಚಿಕೆ. ಅವಳ ಅರೆಬೆತ್ತಲೆ ಮೈಯನ್ನು ನೋಡುತ್ತಿರುವವರಲ್ಲಿ ಅವನೂ ಒಬ್ಬ ಎಂಬುದು ಈ ನಾಚಿಕೆಯನ್ನು ಇನ್ನಷ್ಟು ಚುಚ್ಚುತ್ತದೆ. ಕಾಮಾಸಕ್ತಿಯನ್ನು ಕೆರಳಿಸಿ, ಅದಕ್ಕಾಗಿ ಇನ್ನೊಬ್ಬನನ್ನು ಶಿಕ್ಷಿಸಲು ಕರೆಯುವುದು ಈ ಚಿತ್ರದ ಅತ್ಯಂತ ಕುಟಿಲ ತಂತ್ರ.

ಈಗ ದಡದ ಮೇಲಿನ ‘ಅಮೆರಿಕ’ ಎಂಬ ಪದವನ್ನು ತೆಗೆಯಿರಿ. ಉಳಿಯುವುದು ಮರುಕ ಮತ್ತು ಅಸಹ್ಯ. ಬೆಲ್ಜಿಯಂಗೆ ಚಂದಾ ಎತ್ತಲು ಅಷ್ಟು ಸಾಕು, ಬಂದೂಕು ಹಿಡಿಯಲು ಸಾಲದು. ಕೊನೆಯದಾಗಿ, ‘ಹುಚ್ಚು’ ಎಂಬ ವಿಶೇಷಣ. ಕೋಪಗೊಂಡ ಶತ್ರುವಿನೊಂದಿಗೆ ಮಾತಾಡಬಹುದು, ದುರಾಸೆಯ ಶತ್ರುವಿನೊಂದಿಗೆ ಒಪ್ಪಂದವಾದರೂ ಆದೀತು. ಹುಚ್ಚು ಹಿಡಿದ ಮೃಗದೊಂದಿಗೆ ಸಂಧಿ ಮಾಡಿಕೊಳ್ಳಲು ಯಾರೂ ಹೋಗುವುದಿಲ್ಲ. ಆ ಒಂದು ಪದ ಶಾಂತಿ ಮಾತುಕತೆಯ ಬಾಗಿಲನ್ನು ಮುಚ್ಚುತ್ತದೆ. ತಟಸ್ಥವಾಗಿದ್ದ ದೇಶವೊಂದಕ್ಕೆ ಇದು ಸಣ್ಣ ಮಾತಲ್ಲ, ಏಕೆಂದರೆ 1917ರ ಜನವರಿಯಲ್ಲಿ ಇದೇ ವಿಲ್ಸನ್ ಗೆಲುವಿಲ್ಲದ ಶಾಂತಿಯ ಬಗ್ಗೆ ಮಾತಾಡಿದ್ದರು.

ಹೀಗೆ ಅಸಹ್ಯ, ನಾಚಿಕೆ, ಭಯ, ಕೋಪ ಒಂದರ ಹಿಂದೆ ಒಂದು ಬರುತ್ತವೆ. ಆ ಸರಣಿಯ ಕೊನೆಯಲ್ಲಿ ಕಾಲಿಗೆ ಕೆಲಸ ಕೊಡುವ ಎರಡು ಪದಗಳು ಕಾದಿರುತ್ತವೆ. ಕೋಪಕ್ಕೆ ತಕ್ಷಣ ಮಾಡಬಹುದಾದ ಒಂದು ಕ್ರಿಯೆ ದೊರೆಯದಿದ್ದರೆ ಅದು ಆರಿಹೋಗುತ್ತದೆ.

ಸುಳ್ಳೇ, ನಿಜವೇ?

ವಿಶ್ಲೇಷಣೆ ಸಾಮಾನ್ಯವಾಗಿ ಜಾರುವುದು ಇಲ್ಲಿ. ಪ್ರಚಾರ ಎಂದೊಡನೆ ಸುಳ್ಳು ಎಂದು ತೀರ್ಮಾನಿಸುವುದು ಸುಲಭ. 1915ರ ಮೇ ತಿಂಗಳಿನಲ್ಲಿ ಬ್ರಿಟನ್ ಸರ್ಕಾರ ಪ್ರಕಟಿಸಿದ ಬ್ರೈಸ್ ವರದಿ ಬೆಲ್ಜಿಯಂನಲ್ಲಿ ಜರ್ಮನ್ ಸೇನೆ ನಡೆಸಿದ ಕೃತ್ಯಗಳನ್ನು ಪಟ್ಟಿ ಮಾಡಿತ್ತು. ಲುಸಿಟಾನಿಯಾ ಹಡಗನ್ನು ಜರ್ಮನ್ ಜಲಾಂತರ್ಗಾಮಿ ಮುಳುಗಿಸಿ ಐದೇ ದಿನ ಕಳೆದಿತ್ತು. 128 ಅಮೆರಿಕನ್ನರು ಅದರಲ್ಲಿ ಸತ್ತಿದ್ದರು. ವರದಿಗೆ ಅದಕ್ಕಿಂತ ಹದವಾದ ನೆಲ ಸಿಗುವಂತಿರಲಿಲ್ಲ. ಅದರ ಸಾಕ್ಷ್ಯಗಳನ್ನು ಪ್ರಮಾಣ ಮಾಡಿಸಿ ಪಡೆದಿರಲಿಲ್ಲ, ಸಾಕ್ಷಿಗಳ ಹೆಸರನ್ನೂ ಹೇಳಿರಲಿಲ್ಲ. ಮಕ್ಕಳ ಕೈ ಕತ್ತರಿಸಿದರು ಎಂಬಂಥ ಸುದ್ದಿಗಳು ಯುದ್ಧದ ನಂತರ ಪರೀಕ್ಷೆಗೆ ನಿಲ್ಲಲಿಲ್ಲ. 1920ರ ದಶಕದ ಕೊನೆಗೆ ಎಲ್ಲವೂ ಕಟ್ಟುಕಥೆ ಎಂಬ ಅಭಿಪ್ರಾಯ ಬೇರೂರಿತು.

ಆದರೆ ಎಲ್ಲವೂ ಕಟ್ಟುಕಥೆಯಾಗಿರಲಿಲ್ಲ. ಇತಿಹಾಸಕಾರರಾದ ಜಾನ್ ಹಾರ್ನ್ ಮತ್ತು ಅಲನ್ ಕ್ರೇಮರ್ ಎರಡೂ ಕಡೆಯ ದಾಖಲೆಗಳನ್ನು ಹುಡುಕಿ 2001ರಲ್ಲಿ ತೋರಿಸಿದಂತೆ, 1914ರ ದಾಳಿಯ ಮೊದಲ ತಿಂಗಳುಗಳಲ್ಲಿ ಜರ್ಮನ್ ಸೇನೆ ಬೆಲ್ಜಿಯಂ ಮತ್ತು ಫ್ರಾನ್ಸಿನಲ್ಲಿ ಸುಮಾರು 6,500 ನಾಗರಿಕರನ್ನು ಕೊಂದಿತ್ತು. ಗೊರಿಲ್ಲಾದ ಕೈಗೆ ಹತ್ತಿದ ರಕ್ತಕ್ಕೆ ಆಧಾರವಿತ್ತು, ಗೊರಿಲ್ಲಾಕ್ಕೆ ಇರಲಿಲ್ಲ. ಕೊಂದವರು ಹುಚ್ಚು ಮೃಗಗಳಲ್ಲ. ನಾಗರಿಕರು ಮರೆಯಲ್ಲಿ ನಿಂತು ಗುಂಡು ಹಾರಿಸುತ್ತಿದ್ದಾರೆ ಎಂಬ ಗುಲ್ಲನ್ನು ನಂಬಿದ, ಅಧಿಕಾರಿಗಳ ಆದೇಶ ಪಾಲಿಸಿದ ಸಾಮಾನ್ಯ ಸೈನಿಕರು. ಈ ನಿಜ ಪೋಸ್ಟರಿಗೆ ಉಪಯೋಗವಿಲ್ಲ. ಆದೇಶ ಪಾಲಿಸುವ ಸಾಮಾನ್ಯ ಸೈನಿಕನಾಗಲೆಂದೇ ತಾನೇ ಅದು ನೋಡುಗನನ್ನು ಕರೆಯುತ್ತಿರುವುದು.

ಅದೇ ಚಿತ್ರ, ಶತ್ರುವಿನ ಗೋಡೆಯ ಮೇಲೆ

ಈ ಪೋಸ್ಟರ್ ಅಧ್ಯಯನಕ್ಕೆ ಇಷ್ಟು ಒಳ್ಳೆಯ ಪ್ರಕರಣವಾಗುವುದು ಅದರ ಎರಡನೆಯ ಜನ್ಮದಿಂದ. ಎರಡನೆಯ ಮಹಾಯುದ್ಧ ಶುರುವಾದಾಗ ನಾಜಿ ಜರ್ಮನಿಯ ಪ್ರಚಾರಕರು ಇದೇ ಗೊರಿಲ್ಲಾವನ್ನು ಹುಡುಕಿ ತೆಗೆದು ತಮ್ಮ ಪೋಸ್ಟರಿನಲ್ಲಿ ಮುದ್ರಿಸಿದರು. ಜೊತೆಗಿದ್ದ ಬರಹದ ಸಾರ ಹೀಗೆ: ಇಪ್ಪತ್ತೈದು ವರ್ಷಗಳ ಹಿಂದೆ ಶತ್ರುಗಳು ನಮ್ಮ ಮೇಲೆ ಬಿದ್ದಾಗ, ಈ ಹುಚ್ಚು ಮೃಗವನ್ನು ನಾಶಮಾಡಿ ಎಂದು ಬರೆದರು, ಅವರು ಹಾಗೆಂದದ್ದು ಜರ್ಮನ್ ಜನತೆಯನ್ನು.

ಚಿತ್ರದ ಒಂದು ಗೆರೆಯನ್ನೂ ಬದಲಿಸಬೇಕಾಗಲಿಲ್ಲ. ಬದಲಾದದ್ದು ಚೌಕಟ್ಟು. ಮೊದಲ ಪೋಸ್ಟರಿನಲ್ಲಿ ಗೊರಿಲ್ಲಾ ‘ಅವರು’. ಎರಡನೆಯದರಲ್ಲಿ ಗೊರಿಲ್ಲಾ ‘ನಾವು, ಅವರ ಕಣ್ಣಲ್ಲಿ’. ಅಲ್ಲಿ ಅಸಹ್ಯ ಹುಟ್ಟಿಸಿದ ಜೊಲ್ಲು, ರಕ್ತ, ಮೀಸೆ ಇಲ್ಲಿ ಅವಮಾನ ಹುಟ್ಟಿಸುತ್ತವೆ. ಹೆಣ್ಣಿನ ಮೈ ಅಲ್ಲಿ ರಕ್ಷಣೆಗೆ ಕರೆದರೆ, ಇಲ್ಲಿ ನಿಮ್ಮ ಅಪ್ಪಂದಿರ ಮೇಲೆ ಎಂಥ ಆರೋಪ ಹೊರಿಸಿದ್ದರು ನೋಡಿ ಎನ್ನುತ್ತದೆ. ಉದ್ದೇಶಿತ ನೋಡುಗರು ಎರಡು ತಲೆಮಾರಿನವರು: ಹಿಂದಿನ ಯುದ್ಧದಲ್ಲಿ ಕಾದಾಡಿ ಸೋತು ಮಧ್ಯವಯಸ್ಸಿಗೆ ಬಂದವರು, ವರ್ಸೇಲ್ಸ್ ಒಪ್ಪಂದದ ಅವಮಾನವನ್ನು ಕೇಳುತ್ತಲೇ ಬೆಳೆದ ಅವರ ಮಕ್ಕಳು. ಇಬ್ಬರಿಗೂ ಹೊಸ ಶತ್ರುವನ್ನು ಪರಿಚಯಿಸುವ ಅಗತ್ಯ ಬೀಳಲಿಲ್ಲ, ಹಳೆಯದನ್ನು ನೆನಪಿಸಿದರೆ ಸಾಕಾಯಿತು.

ವಿಲ್ಸನ್ ಎಳೆದಿದ್ದ ಗೆರೆಯನ್ನು ನಾಜಿ ಪ್ರಚಾರಕರು ಎಲ್ಲಿ ಹಿಡಿದರು ನೋಡಿ. ‘ಮಿಲಿಟರಿಸಂ’ ಎಂಬ ಬರಹವನ್ನು ತೋರಿಸಿ, ಇದು ನಮ್ಮ ಜನರ ಮೇಲಿನ ಮಾತಲ್ಲ, ಕೈಸರನ ಆಡಳಿತದ ಮೇಲಿನದು ಎಂದು ವಾದಿಸಲು ಅವಕಾಶವಿತ್ತು. ಅದನ್ನೇ ಮುಚ್ಚಿಹಾಕಲು ‘ಅವರು ಹಾಗೆಂದದ್ದು ಜರ್ಮನ್ ಜನತೆಯನ್ನು’ ಎಂಬ ಸಾಲು. ಮೂಲ ಪೋಸ್ಟರ್ ದೊಣ್ಣೆಯ ಮೇಲೆ ‘ಕುಲ್ಟೂರ್’ ಎಂದು ಬರೆಯದಿದ್ದರೆ ಈ ಸಾಲು ಇಷ್ಟು ಸಲೀಸಾಗಿ ಕೂರುತ್ತಿರಲಿಲ್ಲ. ಅಮೆರಿಕದ ಚಿತ್ರಕಾರ ಸಡಿಲ ಬಿಟ್ಟ ಹೊಲಿಗೆಯನ್ನೇ ಅವರು ಹಿಡಿದು ಎಳೆದರು.

ಅವರ ಕೈಚಳಕವೂ ಪರೀಕ್ಷೆಗೆ ನಿಲ್ಲುವುದಿಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ಎಂದರೆ 1914; ಪೋಸ್ಟರ್ ಬಂದದ್ದು ಅದಾಗಿ ಮೂರು ವರ್ಷದ ಮೇಲೆ, ಅಮೆರಿಕ ಯುದ್ಧಕ್ಕಿಳಿದ ನಂತರ. 1939ರಲ್ಲಿ ಜರ್ಮನಿಯ ಎದುರಿಗಿದ್ದವರು ಪೋಲೆಂಡ್, ಬ್ರಿಟನ್, ಫ್ರಾನ್ಸ್. ಅಮೆರಿಕ ತಟಸ್ಥವಾಗಿತ್ತು. ಬಳಸಿದ ಪುರಾವೆ ಮಾತ್ರ ಅಮೆರಿಕದ್ದು. ‘ಶತ್ರುಗಳು’ ಎಂಬ ಬಹುವಚನದೊಳಗೆ ದೇಶ, ಕಾಲಗಳ ವ್ಯತ್ಯಾಸವೆಲ್ಲ ಅಳಿಸಿಹೋಯಿತು. ‘ಮೇಲೆ ಬಿದ್ದಾಗ’ ಎಂಬ ಮಾತಿನಲ್ಲಿ ಬೆಲ್ಜಿಯಂ ಮಾಯವಾಯಿತು. ಗಡಿ ದಾಟಿದವರು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಪೋಸ್ಟರ್ ಓದುವಾಗ ಇಂಥ ವಾಕ್ಯಗಳ ಕ್ರಿಯಾಪದಕ್ಕೆ ಕರ್ತೃ ಯಾರು, ಕಾಲ ಯಾವುದು ಎಂದು ಕೇಳುವುದು ಚಿತ್ರದ ಬಣ್ಣವನ್ನು ನೋಡುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಎಷ್ಟು ಹೇಳಬಹುದು

ಪೋಸ್ಟರ್ ಏನು ಮಾಡಲು ಹೊರಟಿತ್ತು ಎಂದು ಚಿತ್ರದಿಂದ ಹೇಳಬಹುದು. ಏನು ಮಾಡಿತು ಎಂದು ಹೇಳಲು ಚಿತ್ರ ಸಾಲದು. ಭರ್ತಿ ಕಚೇರಿಗೆ ಬಂದವನು ಪೋಸ್ಟರ್ ನೋಡಿ ಬಂದನೋ, ಗೆಳೆಯನ ಜೊತೆ ಬಂದನೋ, ಕಡ್ಡಾಯ ಭರ್ತಿಗೆ ಸಿಕ್ಕುವ ಮೊದಲು ತನಗೆ ಬೇಕಾದ ದಳ ಆರಿಸಿಕೊಳ್ಳಲು ಬಂದನೋ ಎಂದು ಬೇರ್ಪಡಿಸಲು ದಾರಿಯಿಲ್ಲ. 1918ರ ಏಪ್ರಿಲಿನಲ್ಲಿ ಇಲಿನಾಯ್ ರಾಜ್ಯದ ಕಾಲಿನ್ಸ್‌ವಿಲ್‌ನಲ್ಲಿ ರಾಬರ್ಟ್ ಪ್ರೇಗರ್ ಎಂಬ ಜರ್ಮನ್ ವಲಸಿಗನನ್ನು ಗುಂಪೊಂದು ಗಲ್ಲಿಗೇರಿಸಿತು. ಆ ಕೊಲೆಯನ್ನು ಈ ಪೋಸ್ಟರಿನ ಲೆಕ್ಕಕ್ಕೆ ಬರೆಯುವುದು ಆಕರ್ಷಕ, ಆದರೆ ಅಪ್ರಾಮಾಣಿಕ. ಆ ಗುಂಪಿನ ಯಾರೊಬ್ಬರಾದರೂ ಈ ಚಿತ್ರವನ್ನು ನೋಡಿದ್ದರು ಎನ್ನಲು ಚಿತ್ರದಲ್ಲಿ ಏನೂ ಇಲ್ಲ. ಹೇಳಬಹುದಾದದ್ದು ಇಷ್ಟು: ಅಂದಿನ ಅಮೆರಿಕದಲ್ಲಿ ಜರ್ಮನನನ್ನು ಹೀಗೆ ಚಿತ್ರಿಸುವುದು ಸೇನೆಯ ಹೆಸರಿನಲ್ಲಿಯೇ ಗೋಡೆಗೆ ಅಂಟಿಸಬಹುದಾದ ಮಾತಾಗಿತ್ತು.

ದೂರದ ಪರಿಣಾಮದ ಒಂದು ಎಳೆಯನ್ನು ಮಾತ್ರ ಸ್ವಲ್ಪ ಧೈರ್ಯದಿಂದ ಹಿಡಿಯಬಹುದು, ಅದೂ ಈ ಒಂದು ಪೋಸ್ಟರಿನದಲ್ಲ, ಆ ಯುದ್ಧದ ಒಟ್ಟು ಕ್ರೌರ್ಯ ಪ್ರಚಾರದ್ದು. 1942ರಲ್ಲಿ ಯುರೋಪಿನ ಯೆಹೂದ್ಯರ ಸಾಮೂಹಿಕ ಹತ್ಯೆಯ ವರದಿಗಳು ಲಂಡನ್ನಿಗೂ ವಾಷಿಂಗ್ಟನ್ನಿಗೂ ತಲುಪತೊಡಗಿದಾಗ, ಕೆಲವು ಅಧಿಕಾರಿಗಳು ಮತ್ತು ಪತ್ರಕರ್ತರು ಅವನ್ನು ಸಂಶಯದಿಂದ ಬದಿಗಿಟ್ಟರು. ಹಿಂದಿನ ಯುದ್ಧದಲ್ಲಿ ಕೈ ಕತ್ತರಿಸಿದ ಮಕ್ಕಳ ಕಥೆಗಳನ್ನು ನಂಬಿ ಮೋಸಹೋದ ನೆನಪು ಅವರಿಗಿತ್ತು.